ಗಾಡಿ ಬಿಡಿಸಲು ಹೊರಟವನಿಗೆ

ತಮ್ಮಾ, ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು ನಮ್ಮ ಜತ್ತ ತಾಲೂಕಿನ ಊರೂರಿಗೆ ಪಾರ್ಸಲ್ ಮುಟ್ಟಿಸುವ ಹುಡುಗರನ್ನು ದಿನಾ ನೋಡುತ್ತೇನೆ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ಕಡೆ ಒಂದು ಹಳ್ಳಿಗೂ ಇನ್ನೊಂದಕ್ಕೂ ನಡುವೆ ಬಯಲು ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿ ಗಾಡಿ ಇಲ್ಲದವನಿಗೆ ಈ ಕೆಲಸವೇ ಇಲ್ಲ. ಹಾಗಾಗಿ ಗಾಡಿ ಠಾಣೆಯಲ್ಲಿ ನಿಂತ ದಿನ ಏನು ಮಾಡಬೇಕೆಂಬುದನ್ನು ನೀನು ಮೊದಲೇ ತಿಳಿದುಕೊಂಡಿರು. ನಾನು ವಕೀಲನಲ್ಲ. ಜತ್ತದ ಕೋರ್ಟಿನಲ್ಲಿ ಬಹಳ ವರ್ಷ ವಕೀಲರ ಕಾರಕೂನನಾಗಿ ಅರ್ಜಿ ಬರೆದು, ದಾಖಲೆ ಜೋಡಿಸಿ, ತಾರೀಖು ಗುರುತು ಹಾಕಿಕೊಂಡು ಬಂದವನು. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ ಪೂರ್ವಭಾಗದ ಹಳ್ಳಿಯ ಹುಡುಗನೊಬ್ಬ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕೂತವನೇ, "ಕಾಕಾ, ನನ್ನ ಗಾಡಿ ಒಯ್ದಾರ್ರಿ. ನಾಳಿಂದ ಕೆಲಸಕ್ಕ ಹ್ಯಾಂಗ ಹೋಗ್ಲಿ?" ಅಂದ. ಹಿಂದಿನ ಶುಕ್ರವಾರ ಸಂಜೆ, ಊರ ಸ್ಟ್ಯಾಂಡಿನ ಹತ್ತಿರ ರಸ್ತೆ ದಾಟುತ್ತಿದ್ದ ಮುದುಕರೊಬ್ಬರಿಗೆ ಅವನ ಗಾಡಿ ತಾಗಿತ್ತು. ಮುದುಕರ ಕಾಲು ಮುರಿದಿತ್ತು. ಹುಡುಗ ಓಡಿಹೋಗಿರಲಿಲ್ಲ. ತಾನೇ ರಿಕ್ಷಾ ಮಾಡಿ ದವಾಖಾನೆಗೆ ಒಯ್ದಿದ್ದ. ಆದರೂ ಮುದುಕರ ಮಗ ಫಿರ್ಯಾದ ಕೊಟ್ಟ, ಗುನ್ಹೆ ದಾಖಲಾಯಿತು, ಗಾಡಿ ಜಪ್ತಿ ಆಯಿತು.

ನಾನು ಅವನಿಗೆ ಮೊದಲು ಕೇಳಿದ್ದು ಒಂದೇ ಮಾತು: "ಅವರು ನಿನಗ ಯಾವ ಕಾಗದ ಕೊಟ್ಟಾರ?"

ಎಲ್ಲರೂ ಇಲ್ಲಿಂದಲೇ ಶುರು ಮಾಡಬೇಕು. ಗಾಡಿ ಹಿಡಿದರು ಅನ್ನುವುದು ಒಂದೇ ಮಾತಾದರೂ ಅದರ ಹಿಂದೆ ಬೇರೆ ಬೇರೆ ಕಾನೂನುಗಳಿವೆ, ಪ್ರತಿಯೊಂದರ ಬಾಗಿಲೂ ಬೇರೆ. ಲೈಸೆನ್ಸ್ ಇಲ್ಲ, ನೋಂದಣಿ ಇಲ್ಲ ಎಂದು ಮೋಟಾರು ವಾಹನ ಕಾಯ್ದೆಯ 207ನೇ ಕಲಮಿನಲ್ಲಿ ತಡೆದಿಟ್ಟಿದ್ದರೆ ಅದು ಗುನ್ಹೆಯ ಮುದ್ದೇಮಾಲು ಅಲ್ಲ. ದಾಖಲೆ ತೋರಿಸಿ, ದಂಡ ಕಟ್ಟಿ, ಆ ಅಧಿಕಾರಿಯ ಹತ್ತಿರವೇ ಬಿಡಿಸಿಕೊಳ್ಳುವ ದಾರಿ ಅದಕ್ಕಿದೆ. ಗಡಿಯಾಚೆಯಿಂದ ಸೆರೆ ಸಾಗಿಸಿದ ಆರೋಪವಿದ್ದರೆ ದಾರೂಬಂದಿ ಕಾಯ್ದೆಗೆ ಅದರದೇ ಬಿಗಿ ಷರತ್ತುಗಳಿವೆ, ಆ ದಾರಿ ಉದ್ದ. ಅಪಘಾತದಂಥ ಗುನ್ಹೆಯ ತನಿಖೆಯಲ್ಲಿ ಪೊಲೀಸರು ಪಂಚರನ್ನು ಕರೆದು, ಪಂಚನಾಮೆ ಬರೆದು ಜಪ್ತಿ ಮಾಡಿದ್ದರೆ ಮಾತ್ರ ಮ್ಯಾಜಿಸ್ಟ್ರೇಟರ ಮುಂದಿನ ಅರ್ಜಿ. ಹುಡುಗನ ಕೈಯಲ್ಲಿ ಜಪ್ತಿ ಪಂಚನಾಮೆಯ ಮಬ್ಬು ಝೆರಾಕ್ಸ್ ಇತ್ತು, ಗುನ್ಹಾ ರಜಿಸ್ಟರ್ ನಂಬರ್ ಇತ್ತು. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮು, ಅಂದರೆ ಅಜಾಗರೂಕ ಸವಾರಿ ಮತ್ತು ಅದರಿಂದಾದ ಗಾಯ. ಅವನು ಕೋರ್ಟಿಗೇ ಹೋಗಬೇಕಿತ್ತು.

ಈಗ ಆ ಅರ್ಜಿ ಏನನ್ನು ಕೇಳುತ್ತದೆ ಅನ್ನುವುದನ್ನು ತಿಳಿದುಕೋ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ತಪ್ಪು ನಿನ್ನದೋ ಮುದುಕರದೋ ಎಂದು ಆ ದಿನ ಯಾರೂ ತೀರ್ಮಾನಿಸುವುದಿಲ್ಲ. ಅದು ವಿಚಾರಣೆಯಲ್ಲಿ, ಸಾಕ್ಷಿಗಳು ಬಂದ ಮೇಲೆ ಆಗುವ ಮಾತು. ಮ್ಯಾಜಿಸ್ಟ್ರೇಟರ ಮುಂದೆ ಇರುವುದು ಒಂದೇ ಪ್ರಶ್ನೆ: ಕೇಸು ಮುಗಿಯುವವರೆಗೆ ಈ ಗಾಡಿ ಯಾರ ಹತ್ತಿರ ಇದ್ದರೆ ಸುರಕ್ಷಿತ? ಠಾಣೆಯ ಅಂಗಳದಲ್ಲೋ, ಹಕ್ಕುಳ್ಳವನ ಮನೆಯಲ್ಲೋ? ನಿನ್ನ ಅರ್ಜಿಯ ಪ್ರತಿ ಸಾಲೂ ಈ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಅದಕ್ಕೆ ಸಂಬಂಧಪಡದ ಸಾಲನ್ನು ಬರೆಯಬೇಡ.

ಹುಡುಗ ತಾನೇ ಒಂದು ಅರ್ಜಿ ಬರೆದು ತಂದಿದ್ದ. ಎರಡು ಪುಟದಲ್ಲಿ ಒಂದೂವರೆ ಪುಟ ಅಪಘಾತದ ಕಥೆ. ಕತ್ತಲಿತ್ತು, ಮುದುಕರು ತಟ್ಟನೆ ಬಂದರು, ನಾನು ಮೊಬೈಲಿನಲ್ಲಿ ಮುಂದಿನ ವಿಳಾಸ ನೋಡುತ್ತಿದ್ದೆ, ಬ್ರೇಕ್ ಹಾಕಿದೆ, ಹೀಗೆ. "ಮೊಬೈಲ್ ನೋಡಾಕತ್ತಿದ್ದೆ" ಎಂಬ ಮಾತನ್ನು ಗಾಡಿ ಬಿಡಿಸುವ ಅರ್ಜಿಯಲ್ಲಿ ಸಹಿ ಹಾಕಿ ಕೊಟ್ಟರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನು ಯೋಚಿಸಿರಲಿಲ್ಲ. ಸುಳ್ಳು ಬರೆ ಎಂದು ನಾನು ಹೇಳಲಿಲ್ಲ. ಅಪಘಾತದ ಮಾತನ್ನು ವಕೀಲರ ಹತ್ತಿರ ಪೂರ್ತಿ ಹೇಳು, ಈ ಕಾಗದದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ ಅಂದೆ. "ಇಂಥ ದಿನ, ಇಂಥ ಗುನ್ಹೆಯಲ್ಲಿ ಈ ವಾಹನ ಜಪ್ತಿಯಾಗಿದೆ" ಎಂಬ ಒಂದು ಸಾಲು ಸಾಕು.

ಠಾಣೆಯಲ್ಲಿ ಮಾಲು ಕೊಳೆಯಬಾರದು ಎಂಬ ನ್ಯಾಯ ಇವತ್ತಿನದಲ್ಲ, ಅದರ ಒಂದು ಬೇರು ನಮ್ಮ ಕನ್ನಡದವರ ಕೇಸಿನಲ್ಲೇ ಇದೆ. ಬಸವ್ವ ಕೋಂ ದ್ಯಾಮನಗೌಡ ಪಾಟೀಲ ಎಂಬ ಹೆಣ್ಣುಮಗಳ ಮನೆಯ ಒಡವೆ ಕಳುವಾಗಿ, ಪೊಲೀಸರಿಗೆ ಸಿಕ್ಕಿ, ಮುದ್ದೇಮಾಲು ಅಂತ ಅವರ ವಶದಲ್ಲಿ ಉಳಿದಿತ್ತು. ಕೇಸು ಮುಗಿದು ಆಕೆ ಕೇಳುವ ಹೊತ್ತಿಗೆ ಒಡವೆ ಅಲ್ಲಿಂದಲೂ ಕಾಣೆಯಾಗಿತ್ತು. ಮೈಸೂರು ರಾಜ್ಯದ ವಿರುದ್ಧ ಆಕೆ ಸುಪ್ರೀಂ ಕೋರ್ಟಿನವರೆಗೂ ಹೋದಳು. 1977ರಲ್ಲಿ ಕೋರ್ಟು ಹೇಳಿತು: ವಸ್ತು ಸರ್ಕಾರದ ವಶದಲ್ಲಿದ್ದಾಗ ಅದನ್ನು ಕಾಯುವ ಹೊಣೆ ಸರ್ಕಾರದ್ದು, ಕಾಯಲಿಲ್ಲವಾದರೆ ಬೆಲೆ ಕಟ್ಟಿಕೊಡಬೇಕು. ಅಗತ್ಯಕ್ಕಿಂತ ಒಂದು ದಿನವೂ ಹೆಚ್ಚಾಗಿ ವಸ್ತುವನ್ನು ವಶದಲ್ಲಿ ಇಟ್ಟುಕೊಳ್ಳಬಾರದು ಎಂಬುದೂ ಆ ತೀರ್ಪಿನ ತಿರುಳು.

ಅದೇ ತೀರ್ಪನ್ನು ಹಿಡಿದುಕೊಂಡು 2002ರ ಅಕ್ಟೋಬರ್ 1ರಂದು ಸುಂದರಭಾಯಿ ಅಂಬಾಲಾಲ ದೇಸಾಯಿ ವಿರುದ್ಧ ಗುಜರಾತ್ ಸರ್ಕಾರ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಾಹನಗಳ ಬಗ್ಗೆ ನೇರವಾಗಿ ಮಾತಾಡಿತು. ಪರಿಸ್ಥಿತಿ ಏನೇ ಇರಲಿ, ಜಪ್ತಿ ವಾಹನವನ್ನು ಠಾಣೆಯಲ್ಲಿ ಬಹುಕಾಲ ಇಡುವುದರಿಂದ ಉಪಯೋಗವಿಲ್ಲ. ಮ್ಯಾಜಿಸ್ಟ್ರೇಟರು ತಕ್ಕ ಮುಚ್ಚಳಿಕೆ, ಜಾಮೀನು ತೆಗೆದುಕೊಂಡು, ಬೇಕಾದಾಗ ಹಾಜರುಪಡಿಸುವ ಷರತ್ತಿನ ಮೇಲೆ ಕೂಡಲೇ ಆದೇಶ ಮಾಡಬೇಕು. ಏನೇ ಆದರೂ 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ವಸ್ತು ಠಾಣೆಯಲ್ಲಿ ಇರಬಾರದು. ಈ ಕೇಸಿನ ಹೆಸರನ್ನು ನಿನ್ನ ಚೀಟಿಯಲ್ಲಿ ಬರೆದಿಟ್ಟುಕೋ. ಇಂಥ ಅರ್ಜಿಗಳಲ್ಲಿ ವಕೀಲರು ಮೊದಲು ಹೇಳುವ ಹೆಸರು ಅದು.

ಆಗ ಇದ್ದದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 451 ಮತ್ತು 457ನೇ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಅವು 497 ಮತ್ತು 503 ಆಗಿವೆ. ಮಾಲು ಕೋರ್ಟಿನ ಮುಂದೆ ಬಂದಿದ್ದರೆ 497, ಜಪ್ತಿಯ ವರದಿ ಮಾತ್ರ ಬಂದು ಮಾಲು ಇನ್ನೂ ಠಾಣೆಯಲ್ಲೇ ಇದ್ದರೆ 503. ಅರ್ಜಿಯ ತಲೆಬರಹದಲ್ಲಿ ಎರಡನ್ನೂ ಬರೆಯುವುದು ರೂಢಿ. ಹೊಸ ಕಾಯ್ದೆಯಲ್ಲಿ ನಿನಗೆ ನೆರವಾಗುವ ಒಂದು ಸಂಗತಿಯಿದೆ. ಮಾಲು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರಪಟ್ಟಿ ಮಾಡಬೇಕು, ಫೋಟೋ ಅಥವಾ ವಿಡಿಯೋ ತೆಗೆಸಬೇಕು, ಅದಾದ 30 ದಿನದೊಳಗೆ ಅದನ್ನು ಯಾರಿಗೆ ಕೊಡಬೇಕೆಂದು ಆದೇಶಿಸಬೇಕು. ಆ ಫೋಟೋ ಮತ್ತು ಪಟ್ಟಿಯೇ ವಿಚಾರಣೆಯಲ್ಲಿ ಪುರಾವೆಯಾಗಿ ನಡೆಯುತ್ತವೆ. ಅಂದರೆ "ಪುರಾವೆಗೆ ಗಾಡಿ ಬೇಕು" ಎಂಬ ಒಂದೇ ಕಾರಣಕ್ಕೆ ಅದನ್ನು ವರ್ಷಗಟ್ಟಲೆ ಬಿಸಿಲಲ್ಲಿ ನಿಲ್ಲಿಸಬೇಕಿಲ್ಲ.

ಇನ್ನು ನಮ್ಮ ಹುಡುಗನ ಕಾಗದಪತ್ರಕ್ಕೆ ಬರೋಣ. ನಿಜವಾದ ತೊಡಕು ಇದ್ದದ್ದು ಅಲ್ಲಿ. "ಗಾಡಿ ಯಾರ ಹೆಸರಿಲೆ ಐತಿ?" ಅಂದೆ. "ನಂದ ರಿ" ಅಂದ. ಆರ್‌ಸಿ ತೆಗೆಸಿ ನೋಡಿದರೆ ಸೋದರಮಾವನ ಹೆಸರು. ಸಾಲ ಹುಡುಗನ ಹೆಸರಲ್ಲಿ ಸಿಕ್ಕಿರಲಿಲ್ಲ, ಮಾವನ ಹೆಸರಲ್ಲಿ ತೆಗೆದಿದ್ದರು, ಕಂತು ಹುಡುಗ ಕಟ್ಟುತ್ತಿದ್ದ. ಮಾವ ಕಬ್ಬು ಕಡಿಯಲು ಕೊಲ್ಹಾಪುರದ ಕಡೆ ಹೋಗಿದ್ದ. "ಮಾವನ್ನ ಯಾಕ ಎಳೀಬೇಕು, ಮಾಲೀಕ ನಾನೇ ಅಂತ ಬರೀರಿ ಕಾಕಾ" ಎಂದು ಹುಡುಗ ಹಟ ಹಿಡಿದ.

ತಮ್ಮಾ, ಇದನ್ನು ಎಂದೂ ಮಾಡಬೇಡ. ಅರ್ಜಿಯ ಜೊತೆ ಪ್ರತಿಜ್ಞಾಪತ್ರ ಕೊಡುತ್ತೀ, ಅದರಲ್ಲಿ ಸುಳ್ಳು ಹೇಳುವುದೇ ಬೇರೊಂದು ಗುನ್ಹೆ. ಅಷ್ಟಲ್ಲದೆ, ಆರ್‌ಟಿಓ ದಾಖಲೆಯಲ್ಲಿರುವ ಹೆಸರನ್ನು ಸರ್ಕಾರಿ ವಕೀಲರು ಒಂದು ನಿಮಿಷದಲ್ಲಿ ನೋಡುತ್ತಾರೆ. ಹೆಸರು ಹೊಂದಲಿಲ್ಲ ಎಂದರೆ ಉಳಿದ ನಿಜಗಳನ್ನೂ ಯಾರೂ ನಂಬುವುದಿಲ್ಲ. ಕೋರ್ಟಿಗೆ ಬೇಕಾದದ್ದು ಗಾಡಿಯನ್ನು ಯಾರಿಗೆ ಒಪ್ಪಿಸಿದರೆ ನಾಳೆ ಮತ್ತೊಬ್ಬ ಬಂದು "ಅದು ನಂದು" ಅನ್ನುವುದಿಲ್ಲ ಎಂಬ ಭರವಸೆ. ಆ ಭರವಸೆ ನೋಂದಾಯಿತ ಮಾಲೀಕನಿಂದಲೇ ಬರಬೇಕು. ಆದ್ದರಿಂದ ಮಾವನೇ ಅರ್ಜಿದಾರನಾಗಲಿ ಅಂದೆವು. ಮಾಲೀಕ ಬರಲಾಗದಂಥ ದೂರದಲ್ಲಿದ್ದರೆ ಅವನಿಂದ ಅಧಿಕಾರಪತ್ರ ಮತ್ತು ಒಪ್ಪಿಗೆಯ ಪ್ರತಿಜ್ಞಾಪತ್ರ ತರಿಸಿ ಸವಾರನೇ ಅರ್ಜಿ ಹಾಕುವುದೂ ಉಂಟು. ಆದರೆ ಮಾಲೀಕನೇ ಬಂದು ನಿಂತರೆ ಪ್ರಶ್ನೆಗಳು ಕಡಿಮೆ.

ಫೋನ್ ಮಾಡಿದಾಗ ಮಾವನಿಗೆ ಒಂದು ಅಂಜಿಕೆ ಇತ್ತು. "ನಾನು ಸಹಿ ಮಾಡಿದರ ಕೇಸು ನನ್ನ ಮ್ಯಾಲ ಬರ್ತದೇನ್ರಿ?" ಎಂದು ಕೇಳಿದ. ಅದಕ್ಕೆ ವಕೀಲರು ಬಿಡಿಸಿ ಹೇಳಿದರು. ಗುನ್ಹೆಯ ಕೇಸು ಗಾಡಿ ಓಡಿಸಿದವನ ಮೇಲೆ. ಗಾಯಾಳು ಪರಿಹಾರದ ದಾವೆ ಹಾಕಿದರೆ ನೋಂದಾಯಿತ ಮಾಲೀಕನ ಹೆಸರು ಅದರಲ್ಲಿ ಹೇಗೂ ಬರುತ್ತದೆ, ಈ ಅರ್ಜಿಗೆ ಸಹಿ ಮಾಡಿದರೂ ಬಿಟ್ಟರೂ ಬರುತ್ತದೆ. ಅದಕ್ಕಾಗಿಯೇ ವಿಮೆ ಇರುವುದು. ಇಷ್ಟು ಕೇಳಿ ಮಾವ ಒಂದು ದಿನದ ಕೂಲಿ ಬಿಟ್ಟು ರಾತ್ರಿ ಬಸ್ಸಿಗೆ ಬಂದ.

ಹಳೆಯ ಗಾಡಿ ಕೊಂಡು ಹೆಸರು ಬದಲಿಸದೆ ಓಡಿಸುವವರು ನಮ್ಮಲ್ಲಿ ಎಷ್ಟೋ ಮಂದಿ. ಕೊಂಡವನು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕೆಂಬುದು ಕಾಯ್ದೆ. ಸಾಂಗಲಿಯ ಆರ್‌ಟಿಓ ಕೆಲಸಕ್ಕೆ ಒಂದು ದಿನ ಹೋಗುತ್ತದೆಂದು ಅದನ್ನು ಮುಂದೂಡುತ್ತೀರಿ. ಗಾಡಿ ಜಪ್ತಿಯಾದ ದಿನ ಆ ಹಳೆಯ ಮಾಲೀಕನನ್ನು ಹುಡುಕುತ್ತಾ ಪುಣೆಗೋ ಇಚಲಕರಂಜಿಗೋ ಅಲೆಯಬೇಕಾಗುತ್ತದೆ. ನಿನ್ನ ಗಾಡಿಯೂ ಹಾಗೇ ಇದ್ದರೆ ಈ ವಾರವೇ ಆ ಕೆಲಸ ಮುಗಿಸು.

ಆರ್‌ಸಿಯಲ್ಲಿ ಸಾಲ ಕೊಟ್ಟ ಕಂಪನಿಯ ಹೆಸರೂ ಇತ್ತು. ಕಂತು ಬಾಕಿ ಇದ್ದರೆ ಅವರೂ ಬಂದು ಗಾಡಿ ತಮಗೆ ಬೇಕೆಂದು ತಕರಾರು ತೆಗೆಯಬಹುದು. ಹುಡುಗನ ಕಂತು ಒಂದೂ ತಪ್ಪಿರಲಿಲ್ಲ. ಸಾಲದ ಖಾತೆಯ ಉತಾರವನ್ನೇ ಅರ್ಜಿಗೆ ಜೋಡಿಸಿದೆವು.

ಆರ್‌ಸಿಯ ನಂತರ ನೋಡುವುದು ವಿಮೆ. ಅಪಘಾತದ ಗಾಡಿಗೆ ವಿಮೆ ಇರಲಿಲ್ಲವೆಂದರೆ ಈ ಅರ್ಜಿಯ ಬಣ್ಣವೇ ಬೇರೆ. ವಿಮೆ ಇಲ್ಲದ ಗಾಡಿಯಿಂದ ಸಾವು, ಗಾಯ ಅಥವಾ ನಷ್ಟವಾದರೆ, ಪರಿಹಾರದ ಹಣಕ್ಕೆ ಸಾಕಾಗುವಷ್ಟು ಭದ್ರತೆಯನ್ನು ಮಾಲೀಕ ಕೊಡುವವರೆಗೆ ಅದನ್ನು ಬಿಡಬಾರದು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಭದ್ರತೆ ಕೊಡದೆ ಮೂರು ತಿಂಗಳು ಕಳೆದರೆ ಗಾಡಿಯನ್ನು ಹರಾಜು ಹಾಕಿ ಆ ಹಣವನ್ನು ಪರಿಹಾರದ ನ್ಯಾಯಮಂಡಳಿಗೆ ಕಟ್ಟುವುದೂ ಆ ನಿಯಮದಲ್ಲಿದೆ. ಕಾಲು ಮುರಿದ ಮುದುಕರ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಅಪಘಾತದ ಮರುದಿನ ಓಡಿಹೋಗಿ ವಿಮೆ ಮಾಡಿಸಿದರೆ ಪ್ರಯೋಜನವಿಲ್ಲ. ಪಾಲಿಸಿಯ ಮೇಲೆ ಅದು ಶುರುವಾಗುವ ತಾರೀಖಷ್ಟೇ ಅಲ್ಲ, ಗಂಟೆಯೂ ಅಚ್ಚಾಗಿರುತ್ತದೆ. ಹುಡುಗನ ಪಾಲಿಸಿ ಇನ್ನೂ ನಾಲ್ಕು ತಿಂಗಳು ಚಾಲ್ತಿಯಲ್ಲಿತ್ತು. ಅದನ್ನು ನೋಡಿದ ಮೇಲೆ ನನ್ನ ಎದೆಯ ಭಾರ ಅರ್ಧ ಇಳಿಯಿತು.

ಈಗ ಪಂಚನಾಮೆಯನ್ನೂ ಆರ್‌ಸಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನಂಬರು ಹೊಂದಿಸಿ ನೋಡು ಅಂದೆ. ಗಾಡಿಯ ನಂಬರು ಸರಿಯಿತ್ತು. ಚೇಸಿಸ್ ನಂಬರಿನಲ್ಲಿ ಅವನು ಬೆರಳಿಟ್ಟು ಓದುತ್ತಾ ಹೋದವನು ನಡುವೆ ನಿಂತ. ಆರ್‌ಸಿಯಲ್ಲಿ ಸೊನ್ನೆ ಇದ್ದ ಕಡೆ ಪಂಚನಾಮೆಯಲ್ಲಿ ಇಂಗ್ಲಿಷಿನ ಓ ಅಕ್ಷರ ಬರೆದಿತ್ತು. ಇದನ್ನು ಹಿಡಿಯಲು ಒಂದು ಗುರುತು ಹೇಳಿಕೊಡುತ್ತೇನೆ. ಈಗಿನ ಗಾಡಿಗಳ ಚೇಸಿಸ್ ನಂಬರಿನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗುತ್ತದೆಂದು. ಆದ್ದರಿಂದ ಆ ಸಾಲಿನಲ್ಲಿ ಓ ಅಥವಾ ಐ ಕಂಡರೆ ಬರೆದವರ ಕೈ ತಪ್ಪಿದೆ ಎಂದೇ ತಿಳಿ. ಒಟ್ಟು 17ಕ್ಕಿಂತ ಕಡಿಮೆ ಇದ್ದರೆ ಅಂಕಿ ಬಿಟ್ಟುಹೋಗಿದೆ. ಎಂಜಿನ್ ನಂಬರಿಗೆ ಈ ಲೆಕ್ಕ ಇಲ್ಲ, ಅದನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿಯೇ ನೋಡಬೇಕು.

ಇಷ್ಟು ಸಣ್ಣ ತಪ್ಪಿಗೆ ಏನಾಗುತ್ತದೆ ಅನ್ನಬೇಡ. ಪಂಚನಾಮೆ ನೋಡಿ ಅರ್ಜಿ ಬರೆದರೆ ತಪ್ಪು ನಂಬರೇ ಆದೇಶಕ್ಕೂ ಇಳಿಯುತ್ತದೆ. ಆದೇಶ ಹಿಡಿದುಕೊಂಡು ಠಾಣೆಗೆ ಹೋದರೆ, "ಈ ನಂಬರಿನ ಗಾಡಿ ನಮ್ಮಲ್ಲಿಲ್ಲ" ಎಂದು ತಿರುಗಿ ಕಳಿಸುತ್ತಾರೆ. ಮತ್ತೆ ತಿದ್ದುಪಡಿಯ ಅರ್ಜಿ, ಮತ್ತೆ ತಾರೀಖು. ನಾವು ಅರ್ಜಿಯಲ್ಲಿ ಆರ್‌ಸಿಯ ನಂಬರನ್ನೇ ಬರೆದು, ಪಂಚನಾಮೆಯಲ್ಲಿ ಆ ಒಂದು ಅಂಕಿ ಅಕ್ಷರವಾಗಿ ಬಂದಿದೆ ಎಂದು ಒಂದು ಸಾಲಿನಲ್ಲಿ ತಿಳಿಸಿದೆವು. ತನಿಖಾಧಿಕಾರಿಯೂ ಅದನ್ನು ತಮ್ಮ ವರದಿಯಲ್ಲಿ ಒಪ್ಪಿದರು.

ಅರ್ಜಿಯ ಮೈಯಲ್ಲಿ ನಿನ್ನ ಕೆಲಸದ ಮಾತು ಬರುವುದು ಒಂದೇ ಪ್ಯಾರಾದಲ್ಲಿ. ಅದನ್ನು ಎಲ್ಲರೂ "ನಾನು ಬಡವ, ಗಾಡಿಯೇ ಆಧಾರ, ದಯವಿಟ್ಟು ಬಿಡಬೇಕು" ಎಂದು ಬರೆಯುತ್ತಾರೆ. ಇಂಥ ಸಾಲು ದಿನಾ ಬರುತ್ತದೆ, ಯಾರ ಕಣ್ಣೂ ಅದರ ಮೇಲೆ ನಿಲ್ಲುವುದಿಲ್ಲ. ಹುಡುಗನ ಹತ್ತಿರ ಲೆಕ್ಕ ಕೇಳಿ ಬರೆದದ್ದು ಹೀಗಿತ್ತು:

"ಅರ್ಜಿದಾರರ ಅಳಿಯ ಸದರಿ ವಾಹನದ ಮೇಲೆ ಪಾರ್ಸಲ್ ಮುಟ್ಟಿಸುವ ಕೆಲಸ ಮಾಡುತ್ತಾನೆ. ದಿನಕ್ಕೆ ಸುಮಾರು 35 ಪಾರ್ಸಲ್ ಇರುತ್ತವೆ, ಪ್ರತಿ ಪಾರ್ಸಲ್ಲಿಗೆ 13 ರೂಪಾಯಿ ಸಿಗುತ್ತದೆ. ವಾಹನ ಜಪ್ತಿಯಾದ ದಿನದಿಂದ ಈ ದುಡಿಮೆ ನಿಂತಿದೆ. ವಾಹನದ ಸಾಲದ ಕಂತು 2,850 ರೂಪಾಯಿ ಮುಂದಿನ ತಿಂಗಳ 5ಕ್ಕೆ ಕಟ್ಟಬೇಕಾಗಿದೆ. ವಾಹನ ಠಾಣೆಯ ಬಯಲಿನಲ್ಲಿ ಬಿಸಿಲು ಮಳೆಗೆ ನಿಂತಿದ್ದು, ಬ್ಯಾಟರಿ ಮತ್ತು ಟೈರು ಕೆಡುವ ಸಂಭವವಿದೆ."

ಕೆಲಸ ಕೊಟ್ಟವರಿಂದ ಬಂದ ಹಿಂದಿನ ಎರಡು ತಿಂಗಳ ಜಮಾ ತೋರಿಸುವ ಬ್ಯಾಂಕ್ ಪಾಸ್‌ಬುಕ್ಕಿನ ಪುಟವನ್ನೂ ಹಚ್ಚಿದೆವು. ಅಂಕಿ ಹೇಳಿದ ಮೇಲೆ ಅದಕ್ಕೆ ಆಧಾರದ ಕಾಗದ ಇರಲೇಬೇಕು. ಕಾಗದವಿಲ್ಲದ ಅಂಕಿ ಬರೆಯಬೇಡ.

ಕೊನೆಯ ಪ್ಯಾರಾದಲ್ಲಿ ಮಾಲೀಕ ತಾನೇ ಮುಂದಾಗಿ ಷರತ್ತು ಒಪ್ಪಿಕೊಳ್ಳುತ್ತಾನೆ. ಕರೆದಾಗ ಗಾಡಿ ತರುತ್ತೇನೆ, ಮಾರುವುದಿಲ್ಲ, ಯಾರಿಗೂ ಪರಭಾರೆ ಮಾಡುವುದಿಲ್ಲ, ಬಣ್ಣ ಅಥವಾ ರೂಪ ಬದಲಿಸುವುದಿಲ್ಲ, ಫೋಟೋ ತೆಗೆಯಲು ತಕರಾರಿಲ್ಲ, ಕೋರ್ಟು ಹೇಳಿದಷ್ಟು ಮೊತ್ತದ ಮುಚ್ಚಳಿಕೆ ಮತ್ತು ಜಾಮೀನು ಕೊಡುತ್ತೇನೆ. ಇಲ್ಲಿಗೆ ಅರ್ಜಿ ಮುಗಿಯಿತು. ಎಲ್ಲ ಸೇರಿ ಎರಡು ಪುಟ.

ಭಾಷೆಯ ಮಾತನ್ನೂ ಹೇಳಬೇಕು. ನಾವು ಮನೆಯಲ್ಲಿ ಕನ್ನಡ, ಕನ್ನಡ ಶಾಲೆಯಲ್ಲಿ ಓದಿದವರು, ಆದರೆ ಇಲ್ಲಿನ ಕೋರ್ಟಿನ ಕಾಗದ ಮರಾಠಿಯಲ್ಲಿ ನಡೆಯುತ್ತದೆ. ಹುಡುಗನಿಗೆ ಮರಾಠಿ ಮಾತು ಬರುತ್ತಿತ್ತು, ಕಾನೂನಿನ ಮರಾಠಿ ಬರುತ್ತಿರಲಿಲ್ಲ. ಅವನ ಮಾವನಿಗೆ ಅದೂ ಅಷ್ಟಕ್ಕಷ್ಟೇ. ಮೊದಲು ಕನ್ನಡದಲ್ಲಿ ಬರೆದುಕೊಂಡು ವಕೀಲರಿಗೆ ಕೊಡು, ಅವರು ಮರಾಠಿಯಲ್ಲಿ ತಯಾರಿಸಿದ ಮೇಲೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡು ಸಹಿ ಮಾಡು. ನಾಚಿಕೆ ಬೇಡ. ಹೀಗೆ ಕೇಳಿಸಿಕೊಳ್ಳುವಾಗಲೇ ಮಾವನ ತಂದೆಯ ಹೆಸರು ತಪ್ಪಾಗಿದ್ದದ್ದು ನಮಗೆ ಗೊತ್ತಾಯಿತು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಆದಾಯ ಕಡಿಮೆ ಇದ್ದವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಗುರುವಾರ ಅರ್ಜಿ ಕೊಟ್ಟೆವು. ಅದೇ ದಿನ ಗಾಡಿ ಸಿಗುತ್ತದೆಂದು ಹುಡುಗ ಹೆಲ್ಮೆಟ್ ಹಿಡಿದುಕೊಂಡೇ ಬಂದಿದ್ದ. ಹಾಗಾಗುವುದಿಲ್ಲ. ಮ್ಯಾಜಿಸ್ಟ್ರೇಟರು ಅರ್ಜಿಯ ಮೇಲೆ ಸರ್ಕಾರಿ ವಕೀಲರ "ಸೇ" ಕರೆಯುತ್ತಾರೆ, ಅಂದರೆ ಅವರ ಹೇಳಿಕೆ. ಅವರು ತನಿಖಾಧಿಕಾರಿಯ ವರದಿ ಕೇಳುತ್ತಾರೆ. ಅಪಘಾತದ ಕೇಸುಗಳಲ್ಲಿ ಅಲ್ಲಿ ತಡವಾಗಲು ಸಾಮಾನ್ಯ ಕಾರಣ ಒಂದಿದೆ: ಮೋಟಾರು ವಾಹನ ಇನ್‌ಸ್ಪೆಕ್ಟರರು ಬಂದು ಗಾಡಿಯ ಬ್ರೇಕು, ದೀಪ, ಹ್ಯಾಂಡಲ್ಲು ಪರೀಕ್ಷಿಸುವುದು. ಅಪಘಾತ ಗಾಡಿಯ ಕೆಡುಕಿನಿಂದ ಆಯಿತೋ ಸವಾರನಿಂದ ಆಯಿತೋ ಎಂಬುದಕ್ಕೆ ಆ ವರದಿ ಬೇಕು. ಅದು ಆಗಿರದಿದ್ದರೆ "ತಪಾಸಣೆ ಬಾಕಿ ಇದೆ, ಗಾಡಿ ಬಿಡಬಾರದು" ಎಂದು ಪೊಲೀಸರು ಬರೆಯುತ್ತಾರೆ, ಅದು ಸರಿಯಾದ ತಕರಾರೇ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಠಾಣೆಗೆ ಹೋಗಿ ವಿನಯದಿಂದ ಕೇಳು: "ಸಾಹೇಬ್ರ, ಆರ್‌ಟಿಓ ತಪಾಸಣೆ ಆಗೇದೇನ್ರಿ?" ನಮ್ಮ ಹುಡುಗ ಬುಧವಾರವೇ ಕೇಳಿದ್ದ. ತಪಾಸಣೆ ಅಂದೇ ಮಧ್ಯಾಹ್ನ ಮುಗಿಯಿತು. ಅದಕ್ಕೇ ನಾವು ಗುರುವಾರದವರೆಗೆ ಕಾದದ್ದು.

ಮಂಗಳವಾರ ಸೇ ಬಂತು. ಮಾಲೀಕ ಇವರೇ, ವಿಮೆ ಇದೆ, ತಪಾಸಣೆ ಆಗಿದೆ, ಷರತ್ತಿನ ಮೇಲೆ ಬಿಟ್ಟರೆ ತಕರಾರಿಲ್ಲ ಎಂದಿತ್ತು. ಬುಧವಾರ ಆದೇಶ ಆಯಿತು. ಗಾಡಿಯ ಬೆಲೆಗೆ ಸರಿಹೊಂದುವ 60,000 ರೂಪಾಯಿಯ ಸುಪರ್ದನಾಮೆ, ಅಷ್ಟೇ ಮೊತ್ತದ ಒಬ್ಬ ಜಾಮೀನುದಾರ. ಆ ಹಣವನ್ನು ಕಟ್ಟಬೇಕೆಂದಲ್ಲ. ಷರತ್ತು ಮುರಿದರೆ ಅಷ್ಟನ್ನು ತುಂಬುತ್ತೇವೆಂಬ ಬರಹ ಅದು. ಜಾಮೀನಿಗೆ ಹುಡುಗನ ದೊಡ್ಡಪ್ಪ ಆಧಾರ ಕಾರ್ಡು ಮತ್ತು ಹೊಲದ ಸಾತಬಾರಾ ಉತಾರ ಹಿಡಿದುಕೊಂಡು ಬಂದರು. ಉತಾರ ಹೊಸದಾಗಿ ತೆಗೆಸಿದ್ದಿರಲಿ, ಹಳೆಯ ಝೆರಾಕ್ಸಿಗೆ ಮತ್ತೊಂದು ದಿನ ಹೋಗುತ್ತದೆ. ಮೊತ್ತ ನಿಮ್ಮ ಕೈಮೀರಿದ್ದಾದರೆ ಅದನ್ನು ಕಡಿಮೆ ಮಾಡಲು ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ಅರ್ಜಿಯೇ ವಜಾ ಆದರೆ ಆದೇಶದ ಪ್ರತಿ ತೆಗೆದುಕೊಂಡು, ಕಾರಣ ಏನೆಂದು ಓದಿಸಿಕೊಂಡು, ಸೆಷನ್ಸ್ ಕೋರ್ಟಿನ ದಾರಿಯನ್ನು ವಕೀಲರ ಹತ್ತಿರ ಕೇಳಬೇಕು. ಮೇಲಿನ ಕೋರ್ಟೂ ಈಗ ಮೊದಲಿನಷ್ಟು ದೂರವಿಲ್ಲ. 2025ರ ಆಗಸ್ಟಿನಿಂದ ಮುಂಬಯಿ ಹೈಕೋರ್ಟಿನ ಪೀಠ ಕೊಲ್ಹಾಪುರದಲ್ಲಿ ಕೂಡುತ್ತದೆ, ಸಾಂಗಲಿ ಜಿಲ್ಲೆಯೂ ಅದಕ್ಕೆ ಸೇರಿದೆ.

ಮರುದಿನ ಜಾಮೀನಿನ ಕೆಲಸ ಮುಗಿಸಿ ಶುಕ್ರವಾರ, ಜಪ್ತಿಯಾದ 14ನೇ ದಿನ, ಠಾಣೆಗೆ ಹೋದೆವು. ಗಾಡಿ ಬೇವಿನ ಮರದ ಕೆಳಗಿತ್ತು. ಸೀಟಿನ ಮೇಲೆ ಒಣಗಿದ ಎಲೆ, ಹಕ್ಕಿಯ ಹೊಲಸು. ಹುಡುಗ ಕೈಯಿಂದಲೇ ಒರೆಸಿ ಕೀಲಿ ಹಾಕಲು ಹೋದ. ನಾನು ತಡೆದೆ. ಮೊದಲು ಚೇಸಿಸ್ ನಂಬರು ಓದು, ನಾಲ್ಕೂ ಕಡೆಯಿಂದ ಫೋಟೋ ತೆಗೆ, ಕನ್ನಡಿ, ಬ್ಯಾಟರಿ, ಸೈಡ್ ಸ್ಟ್ಯಾಂಡ್ ಇದೆಯೋ ನೋಡು, ಇಲ್ಲದ್ದನ್ನು ಪಾವತಿಯಲ್ಲಿ ಬರೆಸು, ಆಮೇಲೆ ಸಹಿ ಅಂದೆ. ಒಂದು ಕನ್ನಡಿ ಒಡೆದಿತ್ತು. ಅದು ಅಪಘಾತದಲ್ಲೇ ಒಡೆದದ್ದೆಂದು ಪಂಚನಾಮೆಯಲ್ಲಿ ಇತ್ತು. ಅದರ ಬದಲು ಹೊಸದು ಹಾಕಿಸುವ ಮೊದಲು ವಕೀಲರನ್ನು ಕೇಳು ಎಂದು ಹೇಳಿದೆ.

ಚೀಲದಲ್ಲಿದ್ದ ಪಾರ್ಸಲ್ಲುಗಳ ಬಗ್ಗೆಯೂ ಒಂದು ಮಾತು. ಅವು ನಿನ್ನವಲ್ಲ, ನಿನ್ನ ಮಾವನವೂ ಅಲ್ಲ. ಜಪ್ತಿಯ ಹೊತ್ತಿಗೆ ಚೀಲ ಗಾಡಿಯ ಮೇಲಿದ್ದರೆ ಎಷ್ಟು ಪಾರ್ಸಲ್, ಗಿರಾಕಿಗಳಿಂದ ಪಡೆದ ನಗದು ಎಷ್ಟು ಎಂದು ಪಂಚನಾಮೆಯಲ್ಲಿ ಎಣಿಸಿ ಬರೆಸು, ಅಂದೇ ಕೆಲಸ ಕೊಟ್ಟವರಿಗೆ ತಿಳಿಸು. ಎಣಿಸದೆ ಬಿಟ್ಟ ಚೀಲದ ಲೆಕ್ಕ ಕೊನೆಗೆ ಹುಡುಗನ ಸಂಬಳದಿಂದ ಕಡಿತವಾದದ್ದನ್ನು ನಾನು ಬೇರೆ ಕೇಸಿನಲ್ಲಿ ನೋಡಿದ್ದೇನೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಆದೇಶದ ಹೆಸರೇ ಮಧ್ಯಂತರ. ಗಾಡಿ ನಿನ್ನ ಮನೆಯ ಮುಂದೆ ನಿಂತಿದ್ದರೂ ಕೇಸು ಮುಗಿಯುವವರೆಗೆ ಅದನ್ನು ನೀನು ಕೋರ್ಟಿನ ಪರವಾಗಿ ಇಟ್ಟುಕೊಂಡಿದ್ದೀ. ಎರಡು ವರ್ಷದ ನಂತರ ಹೊಸ ಗಾಡಿಗೆ ಅದಲುಬದಲು ಮಾಡುವ ಮನಸ್ಸಾಗುತ್ತದೆ, ಅಥವಾ ಸಾಲ ಹೆಚ್ಚಾಗಿ ಯಾರಿಗೋ ಕೈಬದಲು ಕೊಡುವ ಒತ್ತಡ ಬರುತ್ತದೆ. ಕೋರ್ಟಿನ ಅಪ್ಪಣೆ ಇಲ್ಲದೆ ಹಾಗೆ ಮಾಡಿದೆಯೋ, ನೋಟೀಸು ಮೊದಲು ಬರುವುದು ಸಹಿ ಮಾಡಿದ ಮಾವನಿಗೆ, ಆಮೇಲೆ ಹೊಲದ ಉತಾರ ಕೊಟ್ಟ ದೊಡ್ಡಪ್ಪನಿಗೆ. ಮಾರಲೇಬೇಕಾದ ದಿನ ಬಂದರೆ ಮೊದಲು ಅಪ್ಪಣೆಯ ಅರ್ಜಿ ಹಾಕು. ಕಾರಣ ಸರಿಯಿದ್ದು, ಫೋಟೋ ಮತ್ತು ಪಟ್ಟಿ ದಾಖಲೆಯಲ್ಲಿದ್ದರೆ ಅದನ್ನೂ ಕೋರ್ಟು ವಿಚಾರಿಸುತ್ತದೆ.

ಆ ಸಂಜೆ ಹುಡುಗ ಗಾಡಿ ಹತ್ತಿ ನೇರ ಕೆಲಸಕ್ಕೆ ಹೋಗಲಿಲ್ಲ. ಆದೇಶದ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟ. ಮಾವನನ್ನು ಹಿಂದೆ ಕೂಡಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟು, ಅಲ್ಲಿಂದ ದವಾಖಾನೆಗೆ ಹೋಗಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಮುದುಕರ ಹತ್ತಿರ ಸ್ವಲ್ಪ ಹೊತ್ತು ಕೂತು ಬಂದ. ಕೇಸಿನ ಮಾತು ಯಾರೂ ಎತ್ತಲಿಲ್ಲವಂತೆ. ಆ ಭೇಟಿ ಅರ್ಜಿಯಲ್ಲಿ ಬರೆಯುವ ಸಂಗತಿ ಅಲ್ಲ. ಆದರೆ ಗಾಡಿ ಮನೆಗೆ ಬಂತೆಂದು ಮುದುಕರ ಕಾಲು ಕೂಡಿಲ್ಲ, ಕೇಸೂ ಮುಗಿದಿಲ್ಲ. ಅಷ್ಟು ನೆನಪಿಟ್ಟುಕೊಂಡು ಗಾಡಿ ಓಡಿಸು, ತಾರೀಖಿಗೆ ತಪ್ಪದೆ ಹೋಗು.